ಉತ್ತರ ಬೇಡದ ಪ್ರಶ್ನೆ, ಹೊಗಳದ ಹೊಗಳಿಕೆ: ದ್ವಿತೀಯ ಭಾಷೆಯ ಓದುಗರಿಗಾಗಿ ವಾಚ್ಯಾರ್ಥಕ್ಕೆ ತಿರುಗಿಸುವ ಕ್ರಮದ ವಿಮರ್ಶೆ

1. ಪೀಠಿಕೆ

ಬೇರೆ ಬೇರೆ ಭಾಷಾ ಹಿನ್ನೆಲೆಯ ಓದುಗರಿಗಾಗಿ ಬರೆಯುವವರಿಗೆ ಸಂಪಾದಕರು ಸಾಮಾನ್ಯವಾಗಿ ಕೊಡುವ ಸಲಹೆಗಳಲ್ಲಿ ಒಂದು ಹೀಗಿರುತ್ತದೆ: ವ್ಯಂಗ್ಯವನ್ನೂ ಆಲಂಕಾರಿಕ ಪ್ರಶ್ನೆಗಳನ್ನೂ ಬಿಟ್ಟು, ಹೇಳಬೇಕಾದುದನ್ನು ನೇರವಾದ ಹೇಳಿಕೆಯಾಗಿ ಬರೆಯಿರಿ. ಈ ಸಲಹೆ ಹೆಚ್ಚಾಗಿ ಇಂಗ್ಲಿಷ್ ಬರವಣಿಗೆಯನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. ಆದರೆ ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿತು, ಕನ್ನಡದಲ್ಲಿಯೇ ಸಂಶೋಧನೆ ನಡೆಸುವವರು ನಮ್ಮ ವಿಭಾಗಗಳಲ್ಲಿಯೂ ಇದ್ದಾರೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ತನ್ನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದ ಮೂಲಕ ಅನ್ಯಭಾಷಿಕ ಅಧ್ಯಾಪಕರಿಗೆ ಕನ್ನಡವನ್ನು ಕಲಿಸುತ್ತ ಬಂದಿದೆ. ಹೀಗೆ ಕಲಿತವರು ಪಠ್ಯಪುಸ್ತಕದ ಆಚೆಗಿನ ಕನ್ನಡವನ್ನು, ಅದರಲ್ಲಿಯೂ ತಮ್ಮ ಲೇಖನದ ಮೇಲೆ ತಜ್ಞರು ಬರೆದ ಟಿಪ್ಪಣಿಯ ಕನ್ನಡವನ್ನು, ಓದಬೇಕಾಗಿ ಬಂದಾಗ ಮೇಲಿನ ಸಲಹೆ ನಮಗೂ ಸಂಬಂಧಿಸಿದ ವಿಷಯವಾಗುತ್ತದೆ.

ಸಲಹೆಯ ಉದ್ದೇಶವನ್ನು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಅದನ್ನು ಜಾರಿಗೆ ತರುವ ಬಗೆಯ ಮೇಲೆ. ಆಲಂಕಾರಿಕ ಪ್ರಶ್ನೆಯನ್ನು ಅದರ ವಿರುದ್ಧ ಹೇಳಿಕೆಯಾಗಿಯೂ ವ್ಯಂಗ್ಯದ ಹೊಗಳಿಕೆಯನ್ನು ತೆಗಳಿಕೆಯಾಗಿಯೂ ತಿರುಗಿಸಿದರೆ ಕೆಲಸ ಮುಗಿಯಿತೆಂಬ ತಿಳಿವಳಿಕೆ ಸರಿಯಲ್ಲ ಎಂಬುದು ಈ ಲೇಖನದ ವಾದ. ಇಂಥ ವಾಕ್ಯಗಳಲ್ಲಿ ಪ್ರತಿಜ್ಞೆಯೊಂದು ಮಾತ್ರವೇ ಅಡಗಿರುವುದಿಲ್ಲ. ಆ ಪ್ರತಿಜ್ಞೆಯ ಹೊಣೆಯನ್ನು ಯಾರು ಹೊರಬೇಕೆಂಬ ಏರ್ಪಾಡೂ ಅಡಗಿರುತ್ತದೆ. ವಾಚ್ಯಾರ್ಥಕ್ಕೆ ತಿರುಗಿಸುವುದೆಂದರೆ ಓದುಗನ ಮೇಲಿದ್ದ ಹೊಣೆಯನ್ನು ಬರೆದವನು ತನ್ನ ಮೇಲೆ ತೆಗೆದುಕೊಳ್ಳುವುದು. ಇದನ್ನು ಗಮನಿಸದೆ ಮಾಡಿದ ತಿದ್ದುಪಡಿ ಕೆಲವೊಮ್ಮೆ ಮೂಲಕ್ಕಿಂತಲೂ ಹೆಚ್ಚಿನ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತದೆ.

2. ಪ್ರಶ್ನೆಯ ರೂಪ, ಹೇಳಿಕೆಯ ಕೆಲಸ

ಆಲಂಕಾರಿಕ ಪ್ರಶ್ನೆಯ ಬಗ್ಗೆ ಭಾಷಾವಿಜ್ಞಾನದಲ್ಲಿ ಎರಡು ನಿಲುವುಗಳಿವೆ. ಜೆರಾಲ್ಡ್ ಸೇಡಾಕ್ 1971ರಲ್ಲಿ ಮಂಡಿಸಿದ ಹಾಗೂ ಚುಂಗ್-ಹ್ಯೇ ಹಾನ್ 2002ರಲ್ಲಿ ಬೇರೊಂದು ಚೌಕಟ್ಟಿನಲ್ಲಿ ಬೆಳೆಸಿದ ನಿಲುವಿನ ಪ್ರಕಾರ, ಇಂಥ ವಾಕ್ಯ ರೂಪದಲ್ಲಿ ಪ್ರಶ್ನೆಯಾದರೂ ಕೆಲಸದಲ್ಲಿ ಹೇಳಿಕೆ. ವಿಧಿರೂಪದ ಪ್ರಶ್ನೆ ನಿಷೇಧವನ್ನೂ ನಿಷೇಧರೂಪದ ಪ್ರಶ್ನೆ ವಿಧಿಯನ್ನೂ ಸ್ಥಾಪಿಸುತ್ತದೆ. ಇವಾನೋ ಕಪೋನಿಗ್ರೋ ಮತ್ತು ಜಾನ್ ಸ್ಪ್ರೌಸ್ 2007ರಲ್ಲಿ ಇದನ್ನು ಪ್ರಶ್ನಿಸಿದರು. ಅವರ ಪ್ರಕಾರ ಆಲಂಕಾರಿಕ ಪ್ರಶ್ನೆ ಅರ್ಥದ ದೃಷ್ಟಿಯಿಂದಲೂ ಪ್ರಶ್ನೆಯೇ. ಕೇಳುವವನಿಗೂ ಕೇಳಿಸಿಕೊಳ್ಳುವವನಿಗೂ ಉತ್ತರ ಮೊದಲೇ ತಿಳಿದಿರುತ್ತದೆ ಎಂಬುದಷ್ಟೇ ಸಾಮಾನ್ಯ ಪ್ರಶ್ನೆಗೂ ಅದಕ್ಕೂ ಇರುವ ವ್ಯತ್ಯಾಸ.

ಸಂಪಾದಕನ ಮೇಜಿನ ಮೇಲೆ ಈ ಎರಡು ನಿಲುವುಗಳ ಪರಿಣಾಮ ಬೇರೆಬೇರೆ. ಮೊದಲನೆಯದನ್ನು ಒಪ್ಪಿದರೆ ತಿದ್ದುಪಡಿ ಯಾಂತ್ರಿಕವಾದ ಕೆಲಸ: ವಿಧಿಯನ್ನು ನಿಷೇಧವಾಗಿಸಿ, ಪ್ರಶ್ನಾರ್ಥಕ ಚಿಹ್ನೆಯ ಬದಲು ಪೂರ್ಣವಿರಾಮ ಇಟ್ಟರಾಯಿತು. ಎರಡನೆಯದನ್ನು ಒಪ್ಪಿದರೆ, ಪ್ರಶ್ನೆಯು ಓದುಗನ ಬಳಿ ಈಗಾಗಲೇ ಇದೆಯೆಂದು ಭಾವಿಸಿಕೊಂಡ ತಿಳಿವಳಿಕೆಯನ್ನು ಸಂಪಾದಕ ಹುಡುಕಿ ಪುಟದ ಮೇಲೆ ತರಬೇಕಾಗುತ್ತದೆ. ದ್ವಿತೀಯ ಭಾಷೆಯ ಓದುಗನ ತೊಡಕನ್ನು ಎರಡನೆಯ ನಿಲುವು ಹೆಚ್ಚು ಚೆನ್ನಾಗಿ ವಿವರಿಸುತ್ತದೆಂದು ನಮಗೆ ತೋರುತ್ತದೆ. ಅವನಿಗೆ ಪದಗಳೂ ಗೊತ್ತು, ಪ್ರತ್ಯಯಗಳೂ ಗೊತ್ತು. ಉತ್ತರ ಎಲ್ಲರಿಗೂ ಗೊತ್ತಿದೆ ಎಂಬ ಪೂರ್ವಗ್ರಹಿಕೆಯಲ್ಲಿ ಮಾತ್ರ ಅವನು ಪಾಲುದಾರನಾಗಿರುವುದಿಲ್ಲ.

ಕನ್ನಡದ ವ್ಯಾಕರಣ ಇಲ್ಲಿ ಕೆಲವು ಸುಳಿವುಗಳನ್ನು ಕೊಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ‘ಅವನು ಮಗುವೇ?’ ಎಂಬುದು ತಕ್ಕ ಸಂದರ್ಭದಲ್ಲಿ ನಿಜವಾದ ಪ್ರಶ್ನೆಯಾಗಬಲ್ಲದು. ‘ಅವನೇನು ಮಗುವೇ?’ ಎಂದೊಡನೆ ಉತ್ತರ ‘ಅಲ್ಲ’ ಎಂಬುದು ನಿಶ್ಚಯವಾಗುತ್ತದೆ. ಕರ್ತೃವಿಗೆ ಸೇರಿದ ‘ಏನು’ ನಾಮಪದದ ಆಖ್ಯಾತವಿರುವ ವಾಕ್ಯಗಳಲ್ಲಿ ಈ ಕೆಲಸವನ್ನು ಸಾಕಷ್ಟು ನಿಯತವಾಗಿ ಮಾಡುತ್ತದೆ. ಆದರೆ ಕ್ರಿಯಾಪದದ ಆಖ್ಯಾತವಿರುವಲ್ಲಿ ಈ ನಿಯಮ ಸಡಿಲವಾಗುತ್ತದೆ: ‘ನೀವೇನು ನಾಳೆಯೇ ಹೊರಡುತ್ತೀರಾ?’ ಎಂಬುದು ಅಚ್ಚರಿ ಬೆರೆತ, ಆದರೂ ಉತ್ತರವನ್ನು ಬಯಸುವ ಪ್ರಶ್ನೆ. ಹಾಗೆಯೇ ‘ಯಾರು ತಾನೇ ಒಪ್ಪುತ್ತಾರೆ?’ ಎಂಬಲ್ಲಿ ‘ತಾನೇ’ ಉತ್ತರ ಬೇಡವೆಂದು ಸೂಚಿಸಿದರೆ, ‘ನೀವು ಬರುತ್ತೀರಿ ತಾನೇ?’ ಎಂಬಲ್ಲಿ ಅದೇ ಪದ ಉತ್ತರವನ್ನು ಕೇಳುತ್ತದೆ. ‘ತಾನೇ’ ಬಂದರೆ ಆಲಂಕಾರಿಕ ಪ್ರಶ್ನೆ ಎಂದು ನಿಯಮ ಮಾಡಿಕೊಂಡ ಕಲಿಕೆದಾರ ಎರಡನೆಯ ವಾಕ್ಯಕ್ಕೆ ಉತ್ತರ ಕೊಡದೆ ಸುಮ್ಮನಿರುತ್ತಾನೆ.

ಪದಕ್ರಮವೂ ಒಂದು ಸುಳಿವು. ತರಗತಿಯಲ್ಲಿ ಪುಸ್ತಕವನ್ನು ಎತ್ತಿ ಹಿಡಿದ ಅಧ್ಯಾಪಕರು ‘ಈ ಪುಸ್ತಕ ಯಾರಿಗೆ ಬೇಕು?’ ಎಂದರೆ ಕೈಗಳು ಏಳುತ್ತವೆ. ‘ಯಾರಿಗೆ ಬೇಕು ಈ ಪುಸ್ತಕ?’ ಎಂದರೆ ಏಳದಿರುವ ಸಂಭವವೇ ಹೆಚ್ಚು. ಮಾತಿನಲ್ಲಿ ಇಳಿಯುವ ಸ್ವರ ಈ ವ್ಯತ್ಯಾಸಕ್ಕೆ ನೆರವಾಗುತ್ತದೆ. ನಮ್ಮ ಅಲಂಕಾರಶಾಸ್ತ್ರ ಅದನ್ನು ‘ಕಾಕು’ ಎಂದು ಕರೆಯಿತು. ಒಂಬತ್ತನೆಯ ಶತಮಾನದ ರುದ್ರಟನು ವಕ್ರೋಕ್ತಿಯನ್ನು ಶ್ಲೇಷ ಮತ್ತು ಕಾಕು ಎಂದು ಎರಡಾಗಿ ವಿಂಗಡಿಸಿದಾಗಲೇ ಅರ್ಥದ ತಿರುವನ್ನು ಧ್ವನಿಯ ಏರಿಳಿತವೊಂದೇ ತರಬಲ್ಲದೆಂಬುದು ಗಮನಕ್ಕೆ ಬಂದಿತ್ತು. ಬರಹದಲ್ಲಿ ಕಾಕು ಉಳಿಯುವುದಿಲ್ಲ. ಉಳಿಯುವುದು ಒಂದು ಪ್ರಶ್ನಾರ್ಥಕ ಚಿಹ್ನೆ, ಮತ್ತು ಅವಧಾರಣೆಗೂ ಪ್ರಶ್ನೆಗೂ ಸಮಾನವಾಗಿ ಸಲ್ಲುವ ‘ಏ’ ಎಂಬ ಒಂದೇ ಪ್ರತ್ಯಯ.

3. ವ್ಯಂಗ್ಯವು ವಿರುದ್ಧಾರ್ಥವಲ್ಲ

ವ್ಯಂಗ್ಯವನ್ನು ತಿರುಗಿಸುವಾಗ ತೊಡಕು ಇನ್ನೂ ಹೆಚ್ಚು. ಹೇಳಿದ್ದಕ್ಕೆ ವಿರುದ್ಧವಾದುದೇ ಉದ್ದಿಷ್ಟಾರ್ಥವೆಂಬ ವಿವರಣೆ ಹಳೆಯದು. ಮಮ್ಮಟನ ಕಾವ್ಯಪ್ರಕಾಶದಲ್ಲಿ ವಾಚ್ಯಾರ್ಥವು ಸಂಪೂರ್ಣವಾಗಿ ತಿರಸ್ಕೃತವಾಗುವ ಧ್ವನಿಗೆ ಉದಾಹರಣೆಯಾಗಿ ಬರುವುದು, ಅಪಕಾರ ಮಾಡಿದವನನ್ನು ಮಹೋಪಕಾರಿಯೆಂದು ಕೊಂಡಾಡುವ ಒಂದು ಪದ್ಯ. 1975ರಲ್ಲಿ ಪ್ರಕಟವಾದ ಪಾಲ್ ಗ್ರೈಸ್ ಅವರ ಪ್ರಬಂಧವೂ ವ್ಯಂಗ್ಯವನ್ನು ಈ ಜಾಡಿನಲ್ಲಿಯೇ ವಿವರಿಸುತ್ತದೆ. ಆದರೆ 1981ರಲ್ಲಿ ಡ್ಯಾನ್ ಸ್ಪರ್ಬರ್ ಮತ್ತು ಡೀರ್‌ಡ್ರ ವಿಲ್ಸನ್ ಇದರ ಕೊರತೆಯನ್ನು ತೋರಿಸಿಕೊಟ್ಟರು. ವ್ಯಂಗ್ಯವಾಡುವವನು ಬೇರೆಯವರ ಅಭಿಪ್ರಾಯವನ್ನೋ ನಿರೀಕ್ಷೆಯನ್ನೋ ಮಾರ್ದನಿಸುತ್ತಾನೆ. ಮಾರ್ದನಿಸುತ್ತಲೇ ಅದರಿಂದ ತನ್ನನ್ನು ದೂರವಿಟ್ಟುಕೊಳ್ಳುತ್ತಾನೆ. ಆದ್ದರಿಂದ ವ್ಯಂಗ್ಯವನ್ನು ಗ್ರಹಿಸಲು ಆ ಮಾತು ಮೂಲದಲ್ಲಿ ಯಾರದು ಎಂಬುದು ತಿಳಿದಿರಬೇಕು. ವಿರುದ್ಧಪದವನ್ನು ಹುಡುಕಿದ ಮಾತ್ರಕ್ಕೆ ಅದು ತಿಳಿಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಗೌರವಸೂಚಕದ ವ್ಯಂಗ್ಯ. ಹೊತ್ತು ಏರಿದ ಮೇಲೆ ಎದ್ದ ಮಗನಿಗೆ ತಾಯಿ ‘ಸಾಹೇಬರು ಈಗ ಎದ್ದರೋ?’ ಎನ್ನುತ್ತಾಳೆ. ಬಹುವಚನವೇ ಗೌರವ ಎಂದು ಕಲಿತ ಓದುಗನಿಗೆ ಇಲ್ಲಿ ಮನೆಗೆ ಬಂದ ಯಾವನೋ ಅಧಿಕಾರಿ ಕಾಣಿಸಿಕೊಳ್ಳುತ್ತಾನೆ. ಇದನ್ನು ವಿರುದ್ಧಾರ್ಥಕ್ಕೆ ತಿರುಗಿಸಹೊರಟರೆ ‘ನೀನು ಸಾಹೇಬನಲ್ಲ’ ಎಂಬ ಅಸಂಬದ್ಧ ವಾಕ್ಯ ಬರುತ್ತದೆ. ತಾಯಿ ಮಾರ್ದನಿಸುತ್ತಿರುವುದು ಮಗನ ನಡತೆಯಲ್ಲಿ ಕಂಡ ಒಂದು ಭಾವನೆಯನ್ನು, ಎಂದರೆ ಇತರರು ದುಡಿಯಬೇಕು ತಾನು ಮಲಗಬಹುದು ಎಂಬುದನ್ನು. ವಾಚ್ಯವಾಗಿ ಹೇಳುವುದಾದರೆ ‘ಎಲ್ಲರೂ ಕೆಲಸಕ್ಕೆ ತೊಡಗಿದ ಮೇಲೆ ಎದ್ದಿದ್ದೀಯ, ಇದು ನನಗೆ ಸರಿಬಂದಿಲ್ಲ’ ಎನ್ನಬೇಕು. ಆಗಲೂ ಮೂಲದಲ್ಲಿದ್ದ ಸಲಿಗೆ ಕಳೆದುಹೋಗುತ್ತದೆ. ವಾಕ್ಯ ಮೂಲಕ್ಕಿಂತ ಗಡುಸಾಗುತ್ತದೆ.

ಈ ಕೊನೆಯ ಅಂಶ ಮುಖ್ಯವಾದುದು. ವಾಚ್ಯಾರ್ಥದ ವಾಕ್ಯ ಸೌಮ್ಯವಾಗಿರುತ್ತದೆಂದು ಭಾವಿಸುವವರುಂಟು. ಮೂಲದ ವಾಕ್ಯ ಎಲ್ಲರ ಎದುರು ನಕ್ಕು ಮರೆಯಬಹುದಾದುದಾಗಿದ್ದು, ಅದರ ವಾಚ್ಯರೂಪ ದಾಖಲೆಯಾಗಿ ನಿಲ್ಲುವ ಆಪಾದನೆಯಾಗಬಹುದು. ತಿದ್ದುವವನು ಅರ್ಥದ ಜೊತೆಗೆ ತೀವ್ರತೆಯನ್ನೂ ಅಳೆಯಬೇಕು.

4. ಒಂದು ಟಿಪ್ಪಣಿಯ ತಿದ್ದುಪಡಿ

ಈವರೆಗಿನ ಮಾತನ್ನು ಒಂದು ಉದಾಹರಣೆಯ ಮೇಲೆ ಪರೀಕ್ಷಿಸೋಣ. ಕುಂದಾಪುರ ಕನ್ನಡದ ನಿಷೇಧರೂಪಗಳ ಕುರಿತು, 4 ವಕ್ತೃಗಳಿಂದ ಸಂಗ್ರಹಿಸಿದ 60 ವಾಕ್ಯಗಳ ಆಧಾರದ ಮೇಲೆ, ಅನ್ಯಭಾಷಿಕ ಸಂಶೋಧಕನೊಬ್ಬ ಬರೆದ ಲೇಖನವನ್ನು ಕಲ್ಪಿಸಿಕೊಳ್ಳೋಣ. ಅದರ ಮೇಲೆ ತಜ್ಞರ ಟಿಪ್ಪಣಿ ಹೀಗಿದೆಯೆಂದಿಟ್ಟುಕೊಳ್ಳೋಣ. ಟಿಪ್ಪಣಿ ನಮ್ಮದೇ ರಚನೆ. ಆದರೆ ಇದರ ಧಾಟಿ ಲೇಖನಗಳನ್ನು ಕಳುಹಿಸಿದ ಯಾರಿಗೂ ಅಪರಿಚಿತವಾಗಿರಲಾರದು.

‘ನಾಲ್ವರು ವಕ್ತೃಗಳ ಅರವತ್ತು ವಾಕ್ಯಗಳಿಂದಲೇ ಒಂದು ಉಪಭಾಷೆಯ ನಿಷೇಧ ವ್ಯವಸ್ಥೆಯನ್ನು ನಿರ್ಣಯಿಸಿಬಿಡಬಹುದೇ? ಲೇಖಕರ ಧೈರ್ಯವನ್ನು ಮೆಚ್ಚಲೇಬೇಕು. ಹಿಂದಿನ ಉಪಭಾಷಾ ಅಧ್ಯಯನಗಳನ್ನು ಈಗ ಯಾರು ತಾನೇ ಓದುತ್ತಾರೆ? ಎರಡನೆಯ ಕೋಷ್ಟಕವನ್ನು ಒಮ್ಮೆಯಾದರೂ ವಿವರಿಸಬಾರದಿತ್ತೇ?’

ಕನ್ನಡವನ್ನು ವ್ಯಾಕರಣದ ಮೂಲಕ ಚೆನ್ನಾಗಿ ಕಲಿತ, ಆದರೆ ಈ ಧಾಟಿಗೆ ಒಗ್ಗದ ಓದುಗ ಇದನ್ನು ಹೇಗೆ ಓದಬಹುದೆಂದು ನೋಡೋಣ. ಮೊದಲನೆಯದು ಅವನಿಗೆ ವಿಧಾನದ ಬಗೆಗಿನ ಪ್ರಶ್ನೆ. ಅವನು ಪರಿಷ್ಕರಣದ ಜೊತೆಗಿನ ಪತ್ರದಲ್ಲಿ ‘ನಿರ್ಣಯಿಸಬಹುದು’ ಎಂದು ಕಾರಣ ಸಹಿತ ಉತ್ತರಿಸುತ್ತಾನೆ. ಎರಡನೆಯದಕ್ಕೆ ವಂದನೆ ಸಲ್ಲಿಸುತ್ತಾನೆ. ಮೂರನೆಯದು ಓದುಗರ ಅಭಿರುಚಿಯ ಬಗ್ಗೆ ತಜ್ಞರ ಹಳಹಳಿಕೆಯಂತೆ ಕಾಣುವುದರಿಂದ ಅದನ್ನು ಬಿಟ್ಟುಬಿಡುತ್ತಾನೆ. ನಾಲ್ಕನೆಯದರಲ್ಲಿ ನಿಜವಾದ ಅಪಾಯವಿದೆ. ‘ವಿವರಿಸಬಾರದಿತ್ತು’ ಎಂದರೆ ವಿವರಿಸಿದ್ದು ತಪ್ಪು, ‘ವಿವರಿಸಬಾರದಿತ್ತೇ?’ ಎಂದರೆ ವಿವರಿಸದೆ ಇದ್ದುದು ತಪ್ಪು. ಒಂದು ಸ್ವರದ ಬದಲಾವಣೆಯಿಂದ ಆದೇಶ ತಲೆಕೆಳಗಾಗುತ್ತದೆ. ಕೊನೆಯ ‘ಏ’ಯನ್ನು ಅವಧಾರಣೆಯೆಂದು ಓದಿದವನು ಕೋಷ್ಟಕದ ಬಗ್ಗೆ ಇರುವ ಒಂದೆರಡು ವಾಕ್ಯಗಳನ್ನೂ ತೆಗೆದುಹಾಕುತ್ತಾನೆ. ಪರಿಷ್ಕೃತ ಲೇಖನ ಮರಳಿ ಬಂದಾಗ ತಜ್ಞರಿಗೆ ಕಾಣುವುದು ತನ್ನ ಮಾತಿಗೆ ಎದುರಾಡಿದ, ಉದ್ಧಟನಾದ ಒಬ್ಬ ಲೇಖಕ. ಲೇಖನ ತಿರಸ್ಕೃತವಾದರೆ ಅದಕ್ಕೆ ಕಾರಣ ದತ್ತಾಂಶದ ಕೊರತೆಯೋ ಓದಿನ ತೊಡಕೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಈಗ ಯಾಂತ್ರಿಕವಾಗಿ ತಿದ್ದಿನೋಡೋಣ. ಪ್ರತಿ ವಾಕ್ಯವನ್ನೂ ವಿರುದ್ಧಕ್ಕೆ ತಿರುಗಿಸಿದರೆ ಇದು ಬರುತ್ತದೆ: ‘ನಾಲ್ವರು ವಕ್ತೃಗಳ ಅರವತ್ತು ವಾಕ್ಯಗಳಿಂದ ಒಂದು ಉಪಭಾಷೆಯ ನಿಷೇಧ ವ್ಯವಸ್ಥೆಯನ್ನು ನಿರ್ಣಯಿಸಲಾಗದು. ಲೇಖಕರ ಧೈರ್ಯ ಮೆಚ್ಚತಕ್ಕದ್ದಲ್ಲ. ಹಿಂದಿನ ಉಪಭಾಷಾ ಅಧ್ಯಯನಗಳನ್ನು ಈಗ ಯಾರೂ ಓದುವುದಿಲ್ಲ. ಎರಡನೆಯ ಕೋಷ್ಟಕವನ್ನು ಒಮ್ಮೆಯಾದರೂ ವಿವರಿಸಬೇಕಾಗಿತ್ತು.’

ನಾಲ್ಕನೆಯ ವಾಕ್ಯ ಸರಿಯಾಗಿದೆ. ಮೊದಲನೆಯದರ ದಿಕ್ಕು ಸರಿಯಾಗಿದ್ದರೂ, ಓದುಗನ ಒಪ್ಪಿಗೆಯನ್ನು ಆಧರಿಸಿದ್ದ ಪ್ರಶ್ನೆ ಈಗ ಕಾರಣವಿಲ್ಲದ ತೀರ್ಪಾಗಿ ನಿಂತಿದೆ. ಪ್ರಶ್ನೆಯಾಗಿದ್ದಾಗ ಅದಕ್ಕೆ ಕಾರಣ ಕೊಡಬೇಕೆಂದು ತಜ್ಞರಿಗೂ ಅನ್ನಿಸಿರಲಿಲ್ಲ, ಏಕೆಂದರೆ ಉತ್ತರ ಸ್ವಯಂವೇದ್ಯವೆಂಬುದು ಪ್ರಶ್ನೆಯ ರೂಪದಲ್ಲಿಯೇ ಅಡಕವಾಗಿತ್ತು. ಎರಡನೆಯ ವಾಕ್ಯ ವೈಯಕ್ತಿಕ ನಿಂದೆಯಾಗಿದೆ. ತಜ್ಞರು ಹೇಳಬಯಸಿದ್ದು ಲೇಖಕರ ಸ್ವಭಾವದ ಬಗ್ಗೆ ಅಲ್ಲ. ಮೂರನೆಯದು ಸುಳ್ಳು, ಅಲ್ಲದೆ ತಜ್ಞರ ಅಭಿಪ್ರಾಯಕ್ಕೆ ನೇರ ವಿರುದ್ಧ. ಅಲ್ಲಿ ಆಲಂಕಾರಿಕ ಪ್ರಶ್ನೆಯ ಒಳಗೆ ವ್ಯಂಗ್ಯವಿದೆ. ‘ಯಾರೂ ಓದುವುದಿಲ್ಲ’ ಎಂಬುದು ಪ್ರಶ್ನೆಯ ಉತ್ತರ. ಆ ಉತ್ತರವಾದರೋ ಲೇಖಕರಿಗೆ ಆರೋಪಿಸಿದ, ತಜ್ಞರು ಒಪ್ಪದ ಧೋರಣೆ. ಒಂದು ಪದರವನ್ನು ಮಾತ್ರ ಬಿಡಿಸಿ ನಿಲ್ಲಿಸಿದ್ದರಿಂದ ಆ ಧೋರಣೆ ತಜ್ಞರದೇ ಆಗಿಬಿಟ್ಟಿದೆ. ಯಾಂತ್ರಿಕ ತಿದ್ದುಪಡಿ ಎಡವುವುದು ಹೆಚ್ಚಾಗಿ ಇಂಥಲ್ಲಿಯೇ.

ಇದರ ಬದಲು ಪ್ರತಿ ವಾಕ್ಯಕ್ಕೂ ನಾಲ್ಕು ವಿಷಯಗಳನ್ನು ಕೇಳಿಕೊಳ್ಳುವುದು ಒಳಿತೆಂದು ನಮ್ಮ ಸೂಚನೆ. ಮೊದಲನೆಯದಾಗಿ, ಇಲ್ಲಿ ಕಾಣುವ ಅಭಿಪ್ರಾಯ ಯಾರದು, ಬರೆದವನದೋ ಅವನು ಮಾರ್ದನಿಸುತ್ತಿರುವ ಬೇರೊಬ್ಬನದೋ. ಎರಡನೆಯದಾಗಿ, ಎಲ್ಲರಿಗೂ ಗೊತ್ತಿದೆಯೆಂದು ಭಾವಿಸಿಕೊಂಡ ಆಧಾರ ಯಾವುದು. ಮೂರನೆಯದಾಗಿ, ದೋಷದ ತೀವ್ರತೆ ಎಷ್ಟು. ನಾಲ್ಕನೆಯದಾಗಿ, ಓದಿದವನು ಏನು ಮಾಡಬೇಕೆಂಬುದು ನಿರೀಕ್ಷೆ. ಈ ನಾಲ್ಕಕ್ಕೂ ಉತ್ತರ ಬರೆದುಕೊಂಡು ಟಿಪ್ಪಣಿಯನ್ನು ಮತ್ತೆ ರಚಿಸಿದರೆ ಹೀಗಾಗುತ್ತದೆ:

‘ನಾಲ್ವರು ವಕ್ತೃಗಳ ಅರವತ್ತು ವಾಕ್ಯಗಳು ಆ ನಾಲ್ವರ ಬಳಕೆಯನ್ನು ತೋರಿಸುತ್ತವೆ. ಅವರ ವಯಸ್ಸು, ಊರು, ಸಮುದಾಯಗಳ ವಿವರವಿಲ್ಲದ ಕಾರಣ ಇಡೀ ಉಪಭಾಷೆಯ ಬಗ್ಗೆ ತೀರ್ಮಾನಿಸಲು ಅವು ಸಾಲವೆಂದು ನಾನು ಭಾವಿಸುತ್ತೇನೆ. ಶೀರ್ಷಿಕೆಯನ್ನೂ ಉಪಸಂಹಾರವನ್ನೂ ಈ ನಾಲ್ವರ ಬಳಕೆಗೆ ಮಿತಿಗೊಳಿಸಬೇಕು, ಇಲ್ಲವೆ ಇನ್ನಷ್ಟು ವಕ್ತೃಗಳ ದತ್ತಾಂಶವನ್ನು ಸೇರಿಸಬೇಕು. ಇದನ್ನು ಸರಿಪಡಿಸದೆ ಲೇಖನವನ್ನು ಪ್ರಕಟಿಸಲಾಗದು. ಈ ಉಪಭಾಷೆಯ ಕುರಿತ ಹಿಂದಿನ ಅಧ್ಯಯನಗಳನ್ನು ಲೇಖನ ಉಲ್ಲೇಖಿಸಿಲ್ಲ. ಅವುಗಳ ನಿಷೇಧರೂಪಗಳ ವಿವರಣೆಯೊಂದಿಗೆ ನಿಮ್ಮ ಫಲಿತಗಳನ್ನು ಹೋಲಿಸಬೇಕು. ಎರಡನೆಯ ಕೋಷ್ಟಕಕ್ಕೆ ಪಠ್ಯದಲ್ಲಿ ವಿವರಣೆಯಿಲ್ಲ. ಒಂದು ಕಂಡಿಕೆಯಷ್ಟು ವಿವರಣೆಯನ್ನು ಸೇರಿಸಬೇಕು. ಇದು ಸಣ್ಣ ತಿದ್ದುಪಡಿ.’

ಲೇಖಕರ ಧೈರ್ಯದ ವಾಕ್ಯ ಇಲ್ಲಿ ಉಳಿದಿಲ್ಲ. ನಾಲ್ಕು ವಿಷಯಗಳಲ್ಲಿ ಯಾವುದಕ್ಕೂ ಅದು ಹೊಸ ಉತ್ತರವನ್ನು ಕೊಡಲಿಲ್ಲ; ಅದರಲ್ಲಿದ್ದುದು ಮೊದಲ ವಾಕ್ಯದ ತೀವ್ರತೆಯ ಸೂಚನೆಯಷ್ಟೇ, ಅದನ್ನು ‘ಪ್ರಕಟಿಸಲಾಗದು’ ಎಂಬ ಮಾತು ಈಗ ನೇರವಾಗಿ ಹೇಳುತ್ತದೆ. ಇನ್ನೊಂದನ್ನೂ ಗಮನಿಸಬೇಕು. ವಯಸ್ಸು, ಊರು, ಸಮುದಾಯಗಳ ವಿವರದ ಕೊರತೆ ಮೂಲ ಟಿಪ್ಪಣಿಯಲ್ಲಿ ಇರಲೇ ಇಲ್ಲ. ‘ನಿರ್ಣಯಿಸಲಾಗದು’ ಎಂದು ಸ್ವಂತ ಹೊಣೆಯಲ್ಲಿ ಬರೆಯಬೇಕಾಗಿ ಬಂದಾಗ ‘ಏಕೆ’ ಎಂಬುದನ್ನೂ ಬರೆಯಬೇಕಾಯಿತು. ವ್ಯಾಕರಣದ ಮೂಲ ರೂಪಾವಳಿಯೊಂದಕ್ಕೆ ನಾಲ್ವರು ವಕ್ತೃಗಳು ಸಾಕೆಂದು ವಾದಿಸುವವರೂ ಇದ್ದಾರೆ. ಪ್ರಶ್ನೆಯ ರೂಪ ಆ ವಾದಕ್ಕೆ ಎಡೆಯನ್ನೇ ಕೊಟ್ಟಿರಲಿಲ್ಲ, ವಾಚ್ಯರೂಪ ಕೊಡುತ್ತದೆ. ಕಾರಣ ಬರೆಯಲು ಕುಳಿತಾಗ ಏನೂ ಸಿಗದಿದ್ದರೆ ತಪ್ಪಿರುವುದು ಟಿಪ್ಪಣಿಯಲ್ಲಿ. ತಿದ್ದುಪಡಿಯ ಈ ಪ್ರಯೋಜನ ಅನ್ಯಭಾಷಿಕ ಓದುಗನಿಗೆ ಮಾತ್ರ ಮೀಸಲಾದುದಲ್ಲ.

ಈ ಕೆಲಸವನ್ನು ಮಾಡಬೇಕಾದವರು ಯಾರೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಕಾರಣವನ್ನು ಸಂಪಾದಕ ಊಹಿಸಿ ತುಂಬಿದರೆ ತಜ್ಞರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ. ಆದ್ದರಿಂದ ಟಿಪ್ಪಣಿಯನ್ನು ಸಂಪಾದಕ ತಾನೇ ತಿದ್ದದೆ, ನಾಲ್ಕು ವಿಷಯಗಳನ್ನು ಗುರುತು ಹಾಕಿ ಬರೆದವರಿಗೇ ಹಿಂದಿರುಗಿಸುವುದು ಯುಕ್ತ.

5. ತಿದ್ದುಪಡಿ ಫಲಿಸಿದೆಯೆಂದು ತಿಳಿಯುವ ಬಗೆ

‘ಅರ್ಥವಾಯಿತೇ?’ ಎಂದು ಓದುಗನನ್ನು ಕೇಳುವುದರಿಂದ ಏನೂ ತಿಳಿಯದು. ವ್ಯಂಗ್ಯವನ್ನು ಹೊಗಳಿಕೆಯೆಂದು ಓದಿದವನಿಗೂ ಅದು ಅರ್ಥವಾಗಿಯೇ ಇರುತ್ತದೆ, ತಪ್ಪಾಗಿ. ಮೂಲವನ್ನು ನೋಡಿರದ ಒಬ್ಬರಿಗೆ ತಿದ್ದಿದ ಪಠ್ಯವನ್ನು ಕೊಟ್ಟು, ಈ ಅಭಿಪ್ರಾಯ ಯಾರದು, ಲೇಖಕನು ಇದನ್ನು ಓದಿದ ಮೇಲೆ ಮಾಡಬೇಕಾದ ಕೆಲಸಗಳಾವುವು ಎಂಬ ಎರಡು ವಿಷಯಗಳನ್ನು ಬರೆದುಕೊಡಲು ಹೇಳಬೇಕು. ಆ ಪಟ್ಟಿ ಮೂಲ ಟಿಪ್ಪಣಿಕಾರರ ಮನಸ್ಸಿನಲ್ಲಿದ್ದ ಪಟ್ಟಿಗೆ ಹೊಂದಿದರೆ ತಿದ್ದುಪಡಿ ಫಲಿಸಿದೆ. ಮೇಲಿನ ಉದಾಹರಣೆಯಲ್ಲಿ ಅಂಥ ಕೆಲಸಗಳು ಮೂರು: ತೀರ್ಮಾನವನ್ನು ಮಿತಿಗೊಳಿಸುವುದು ಅಥವಾ ದತ್ತಾಂಶವನ್ನು ಸೇರಿಸುವುದು, ಹೋಲಿಕೆ ಮಾಡುವುದು, ಕೋಷ್ಟಕವನ್ನು ವಿವರಿಸುವುದು. ಮೂಲ ಟಿಪ್ಪಣಿಯಿಂದ ಕನ್ನಡ ಮಾತೃಭಾಷೆಯವರೂ ಈ ಮೂರನ್ನೂ ಪಟ್ಟಿಮಾಡುವರೆಂಬ ಭರವಸೆ ನಮಗಿಲ್ಲ.

ಈ ಅನುಮಾನಕ್ಕೆ ಆಧಾರವಿದೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದರಲ್ಲಿ, ವ್ಯಂಗ್ಯದ ಹಾಗೂ ಗಂಭೀರವಾದ ವಾಕ್ಯಗಳನ್ನು ಕೆಲವರು ಇ-ಮೇಲ್ ಮೂಲಕವೂ ಕೆಲವರು ಧ್ವನಿಯ ಮೂಲಕವೂ ತಲುಪಿಸಿದರು. ಸುಮಾರು ಶೇಕಡಾ 78ರಷ್ಟು ಸಲ ತಮ್ಮ ಧಾಟಿ ಸರಿಯಾಗಿ ತಿಳಿಯುವುದೆಂದು ಕಳುಹಿಸಿದವರು ನಿರೀಕ್ಷಿಸಿದ್ದರು. ಇ-ಮೇಲ್ ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು ಶೇಕಡಾ 56ರಷ್ಟು ಸಲ. ಸುಮ್ಮನೆ ಊಹಿಸಿದ್ದರೂ 50 ಬರುತ್ತಿತ್ತು. ಬರೆದವನ ಕಿವಿಯಲ್ಲಿ ತನ್ನ ಕಾಕು ಕೇಳಿಸುತ್ತಿರುತ್ತದೆ, ಓದುವವನಿಗೆ ಕೇಳಿಸುವುದಿಲ್ಲ. ‘ಅನ್ಯಭಾಷಿಕರಿಗೆ ವ್ಯಂಗ್ಯ ತಿಳಿಯದು’ ಎಂಬ ಮಾತು ಬರಹದ ಕೊರತೆಯೊಂದನ್ನು ಓದುಗನ ಕೊರತೆಯಾಗಿ ಕಾಣಿಸುತ್ತದೆ.

ಅನ್ಯಭಾಷಿಕರೆಂಬುದು ಒಂದೇ ಗುಂಪಲ್ಲ ಎಂಬುದನ್ನೂ ಸಲಹೆ ಮರೆಯುತ್ತದೆ. ತಮಿಳಿನ ‘ಅವನ್ ಎನ್ನ ಕುೞಂದೈಯಾ?’ ಎಂಬ ವಾಕ್ಯದ ರಚನೆ ‘ಅವನೇನು ಮಗುವೇ?’ ಎಂಬುದರ ರಚನೆಯೇ. ತಮಿಳು ಮಾತೃಭಾಷೆಯವರಿಗೆ ಇಲ್ಲಿ ‘ಏನು’ ಮಾಡುವ ಕೆಲಸವನ್ನು ವಿವರಿಸಬೇಕಾದ ಅಗತ್ಯ ಕಡಿಮೆ. ಇಂಥ ರಚನೆಯಿಲ್ಲದ ಭಾಷೆಯಿಂದ ಬಂದವರಿಗೆ ಹೆಚ್ಚು. ತನ್ನ ಓದುಗರು ಯಾವ ಭಾಷೆಗಳಿಂದ ಬಂದವರೆಂದು ತಿಳಿಯದೆ ಸಂಪಾದಕ ಎಲ್ಲವನ್ನೂ ಸಮತಟ್ಟು ಮಾಡುತ್ತಾನೆ.

6. ಎಲ್ಲಿ ತಿದ್ದಬಾರದು

ಓದಿದವನು ಅದರ ಪ್ರಕಾರ ನಡೆದುಕೊಳ್ಳಬೇಕಾದ ಬರಹಗಳಲ್ಲಿ, ಎಂದರೆ ತಜ್ಞರ ಟಿಪ್ಪಣಿ, ಪರೀಕ್ಷೆಯ ಸೂಚನೆ, ಅರ್ಜಿ ನಮೂನೆ, ಕಚೇರಿಯ ಪತ್ರ ಮೊದಲಾದವುಗಳಲ್ಲಿ, ವಾಚ್ಯರೂಪವೇ ಸರಿಯೆಂಬುದು ನಮ್ಮ ಖಚಿತ ನಿಲುವು. ಆದರೆ ವಕ್ತೃವಿನ ಧೋರಣೆಯೇ ವಿಷಯವಾಗಿರುವ ಬರಹದಲ್ಲಿ ತಿದ್ದುಪಡಿ ವಿಷಯವನ್ನೇ ಅಳಿಸುತ್ತದೆ. ಕ್ಷೇತ್ರಕಾರ್ಯದಲ್ಲಿ ದಾಖಲಿಸಿದ ಸಂಭಾಷಣೆಯಲ್ಲಿ ತಾಯಿಯ ‘ಸಾಹೇಬರು ಈಗ ಎದ್ದರೋ?’ ಎಂಬುದು ದತ್ತಾಂಶ. ಅದನ್ನು ‘ನೀನು ತಡವಾಗಿ ಎದ್ದೆ’ ಎಂದು ತಿರುಗಿಸಿ ಕೊಟ್ಟರೆ ಗೌರವಸೂಚಕಗಳ ಬಳಕೆಯನ್ನು ಅಧ್ಯಯನ ಮಾಡುವವನಿಗೆ ಉಳಿಯುವುದು ಏನೂ ಇಲ್ಲ. ಅಲ್ಲಿ ಮೂಲವನ್ನು ಹಾಗೆಯೇ ಇಟ್ಟು ಕೆಳಗೆ ಎರಡು ಸಾಲಿನ ವಿವರಣೆಯನ್ನು ಕೊಡಬೇಕು: ಒಂದು ಸಾಲಿನಲ್ಲಿ ಪದಶಃ ಅರ್ಥ, ಇನ್ನೊಂದರಲ್ಲಿ ಯಾರ ಧೋರಣೆಯನ್ನು ಯಾರು ಮಾರ್ದನಿಸುತ್ತಿದ್ದಾರೆಂಬುದು.

ಕಲಿಕೆಯ ಪಠ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ಇಂಗ್ಲಿಷಿನ ಸೂಚ್ಯಾರ್ಥಗಳನ್ನು ವಿದೇಶೀ ವಿದ್ಯಾರ್ಥಿಗಳು ಹೇಗೆ ಗ್ರಹಿಸುತ್ತಾರೆಂಬುದನ್ನು ಲಾರೆನ್ಸ್ ಬೌಟನ್ 1980 ಮತ್ತು 1990ರ ದಶಕಗಳಲ್ಲಿ ಪರಿಶೀಲಿಸಿದರು. ಉತ್ತರ ಸ್ವಯಂವೇದ್ಯವಾದ ಪ್ರಶ್ನೆಯನ್ನೇ ಉತ್ತರವಾಗಿ ಒಡ್ಡುವ ಬಗೆ ಅವರಿಗೆ ತೊಡಕಿನದಾಗಿತ್ತು. ಆದರೆ ಇಂಥ ಸಿದ್ಧಮಾದರಿಯ ಸೂಚ್ಯಾರ್ಥಗಳನ್ನು ನೇರವಾಗಿ ಕಲಿಸಿದಾಗ ಕಲಿಕೆದಾರರು ಬೇಗ ಹಿಡಿದುಕೊಂಡರು. ಕನ್ನಡದ ‘ಅವನೇನು ಮಗುವೇ’, ‘ಯಾರು ತಾನೇ’, ‘ಮಾಡಬಾರದಿತ್ತೇ’ ಎಂಬಂಥವು ಅಂಥ ಸಿದ್ಧಮಾದರಿಗಳೇ. ಪಠ್ಯಪುಸ್ತಕದಿಂದ ಅವುಗಳನ್ನು ತೆಗೆದುಹಾಕಿದರೆ ಓದು ಆ ದಿನದ ಮಟ್ಟಿಗೆ ಸುಲಭವಾಗುತ್ತದೆ. ಮಾರನೆಯ ದಿನ ಕಚೇರಿಯ ಪತ್ರದಲ್ಲಿ ‘ಮೊದಲೇ ತಿಳಿಸಬಾರದಿತ್ತೇ?’ ಎಂಬ ಸಾಲನ್ನು ಕಂಡಾಗ ಕಲಿಕೆದಾರ ನಿರಾಯುಧನಾಗಿರುತ್ತಾನೆ.

ಇನ್ನು, ಸಿದ್ಧಮಾದರಿಯಲ್ಲದ, ಆ ಸಂದರ್ಭಕ್ಕಷ್ಟೇ ಹುಟ್ಟಿದ ವ್ಯಂಗ್ಯವನ್ನು ಹೀಗೆ ಕಲಿಸಲಾಗದು. ‘ಲೇಖಕರ ಧೈರ್ಯವನ್ನು ಮೆಚ್ಚಲೇಬೇಕು’ ಎಂಬ ವಾಕ್ಯದಲ್ಲಿ ವ್ಯಂಗ್ಯವನ್ನು ಸೂಚಿಸುವ ವ್ಯಾಕರಣಾಂಶ ಒಂದೂ ಇಲ್ಲ. ಇದೇ ವಾಕ್ಯ ಇನ್ನೊಂದು ಟಿಪ್ಪಣಿಯಲ್ಲಿ ಮನಃಪೂರ್ವಕವಾದ ಮೆಚ್ಚುಗೆಯಾಗಬಹುದು. ಇಲ್ಲಿ ಕಲಿಕೆದಾರನಿಗೆ ನಿಯಮವೊಂದನ್ನು ಕೊಡುವುದು ಸಾಧ್ಯವಿಲ್ಲದ ಕಾರಣ, ಬರೆಯುವವನೇ ಎಚ್ಚರ ವಹಿಸಬೇಕಾಗುತ್ತದೆ.

7. ಉಪಸಂಹಾರ

ವ್ಯಂಗ್ಯವನ್ನೂ ಆಲಂಕಾರಿಕ ಪ್ರಶ್ನೆಯನ್ನೂ ಹೇಳಿಕೆಯಾಗಿ ತಿರುಗಿಸಿರಿ ಎಂಬ ಸಲಹೆಯನ್ನು ನಾವು ಹೀಗೆ ತಿದ್ದಿ ಓದಬಯಸುತ್ತೇವೆ: ಅಭಿಪ್ರಾಯ ಯಾರದೆಂದೂ ಅದಕ್ಕೆ ಆಧಾರವೇನೆಂದೂ ಅದು ಎಷ್ಟು ಗಂಭೀರವೆಂದೂ ಓದುಗನು ಏನು ಮಾಡಬೇಕೆಂದೂ ಬರೆಯಿರಿ, ಈ ನಾಲ್ಕರಲ್ಲಿ ಯಾವುದನ್ನೂ ಬರೆಯಲಾಗದ ವಾಕ್ಯವನ್ನು ಕೈಬಿಡಿರಿ. ವಿಧಿ ನಿಷೇಧಗಳ ತಿರುವು ಈ ಕೆಲಸದ ಒಂದು ಭಾಗ ಮಾತ್ರ, ಅದೂ ಚಿಕ್ಕ ಭಾಗ.

ದ್ವಿಭಾಷಿಕ ಪತ್ರಿಕೆಗಳಿಗೆ ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. ತಜ್ಞರ ಟಿಪ್ಪಣಿಯನ್ನು ಓದಿ ತನ್ನ ಲೇಖನವನ್ನು ಪರಿಷ್ಕರಿಸಬೇಕಾದ ಸಂಶೋಧಕನಿಗೆ ಆ ಟಿಪ್ಪಣಿಯ ಹೊರತು ಬೇರೆ ದಾರಿಯಿಲ್ಲ. ಬರೆದವರು ಯಾರೆಂದು ಅವನಿಗೆ ತಿಳಿಯದು, ಹೋಗಿ ಕೇಳುವಂತಿಲ್ಲ, ಧ್ವನಿಯನ್ನು ಆಲಿಸುವಂತಿಲ್ಲ. ಮಾತಿನಲ್ಲಿ ವ್ಯಂಗ್ಯವನ್ನು ಕಾಪಾಡುವ ಎಲ್ಲ ಆಸರೆಗಳೂ ಅಲ್ಲಿ ಕಳಚಿಹೋಗಿರುತ್ತವೆ. ನಾವು ಬರೆದ ಹಳೆಯ ಟಿಪ್ಪಣಿಗಳನ್ನು ಈ ನಾಲ್ಕು ವಿಷಯಗಳ ಬೆಳಕಿನಲ್ಲಿ ಮರಳಿ ಓದಿದಾಗ, ‘ಇದನ್ನು ಇನ್ನೂ ಹೇಳಬೇಕೇ?’ ಎಂದು ನಾವು ನಿಲ್ಲಿಸಿದ್ದ ಕಡೆಗಳಲ್ಲೆಲ್ಲ ಹೇಳಬೇಕಾದುದು ಇನ್ನೂ ಬಾಕಿ ಉಳಿದಿತ್ತು.